ಗಂಟು ಬಿಸಿಯಾ, ತಣ್ಣಗಾ? ಥೈರಾಯ್ಡ್ ಸ್ಕ್ಯಾನ್ ಓದುವ ಬಗೆ

ಎಲ್ಲರಿಗೂ ನಮಸ್ಕಾರ.

"ಡಾಕ್ಟ್ರೇ, ರಿಪೋರ್ಟ್‌ನಲ್ಲಿ ಗಂಟು ಬಿಸಿ ಇದೆ ಅಂತ ಬರೆದಿದ್ದಾರೆ. ನಾನು ಕುತ್ತಿಗೆ ಮುಟ್ಟಿ ಮುಟ್ಟಿ ನೋಡಿದೆ. ಬಿಸಿ ಏನೂ ಇಲ್ವಲ್ಲ?"

46 ವರ್ಷದ ಒಬ್ಬ ಮಹಿಳೆ ನನ್ನನ್ನು ಹೀಗೆ ಕೇಳಿದ್ದರು. ಅವರ ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿ, ಇವತ್ತು ಅವರ ಸ್ಕ್ಯಾನ್ ಇಟ್ಟುಕೊಂಡೇ ಮಾತಾಡುತ್ತೇನೆ. ಥೈರಾಯ್ಡ್ ಸ್ಕ್ಯಾನ್‌ನಲ್ಲಿ ಕಾಣುವ ಗಂಟನ್ನು ಹಾಟ್, ವಾರ್ಮ್, ಕೋಲ್ಡ್ ಎಂದು ಮೂರು ಬಗೆಯಾಗಿ ಕರೆಯುತ್ತಾರೆ. ಈ ಮೂರು ಪದಗಳು ಜನರಿಗೆ ಎಷ್ಟು ಗಾಬರಿ ಕೊಡುತ್ತವೆ ಎಂದು ನಾನು ದಿನಾ ನೋಡುತ್ತೇನೆ. ಆ ಗಾಬರಿಯಲ್ಲಿ ಅರ್ಧ, ಪದಗಳ ಅರ್ಥ ಗೊತ್ತಿಲ್ಲದೆ ಹುಟ್ಟಿದ್ದು.

ಅವರ ಕಥೆ ಹೀಗಿತ್ತು. ಐದು ತಿಂಗಳಿಂದ ಎದೆ ಡವಡವ ಎನ್ನುತ್ತಿತ್ತು. ಚೆನ್ನಾಗಿ ಊಟ ಮಾಡಿದರೂ ತೂಕ ಇಳಿಯುತ್ತಿತ್ತು. ಕೈ ಸಣ್ಣಗೆ ನಡುಗುತ್ತಿತ್ತು. ಕುತ್ತಿಗೆಯ ಬಲಗಡೆ ಒಂದು ಗಂಟು ಕೈಗೆ ಸಿಗುತ್ತಿತ್ತು, ನುಂಗಿದಾಗ ಅದು ಮೇಲೆ ಕೆಳಗೆ ಆಡುತ್ತಿತ್ತು. ರಕ್ತ ಪರೀಕ್ಷೆಯಲ್ಲಿ, ಥೈರಾಯ್ಡ್ ಎಷ್ಟು ಕೆಲಸ ಮಾಡಬೇಕು ಎಂದು ಹೇಳುವ ಹಾರ್ಮೋನ್ ಆದ ಟಿಎಸ್‌ಎಚ್ 0.02. ಸಾಮಾನ್ಯವಾಗಿ ಇದು ಸುಮಾರು 0.4ರಿಂದ 4ರ ಒಳಗೆ ಇರಬೇಕು. ಥೈರಾಯ್ಡ್ ತಯಾರಿಸುವ ಎರಡು ಹಾರ್ಮೋನುಗಳಲ್ಲಿ ಟಿ4 ಸಾಮಾನ್ಯದ ಮೇಲಿನ ಅಂಚಿನಲ್ಲಿತ್ತು, ಟಿ3 ಮಾತ್ರ ಜಾಸ್ತಿ ಇತ್ತು. ಅಲ್ಟ್ರಾಸೌಂಡ್‌ನಲ್ಲಿ ಎರಡು ಗಂಟು ಕಂಡಿದ್ದವು. ಬಲಗಡೆ 3.2 ಸೆಂಟಿಮೀಟರ್, ಎಡಗಡೆ 1.4 ಸೆಂಟಿಮೀಟರ್. ಆಮೇಲೆ ಸ್ಕ್ಯಾನ್ ಆಯಿತು. ಬಲಗಡೆಯ ಗಂಟು ಉರಿಯುವ ದೀಪದ ಹಾಗೆ ಕಾಣುತ್ತಿತ್ತು. ಎಡಗಡೆ ಏನೂ ಕಾಣುತ್ತಿರಲಿಲ್ಲ. ಯಾರೋ ಅವರಿಗೆ, "ಒಂದು ಹಾಟು, ಇನ್ನೊಂದು ಕೋಲ್ಡು. ಕೋಲ್ಡ್ ಇದ್ರೆ ಕ್ಯಾನ್ಸರ್" ಅಂತ ಹೇಳಿಬಿಟ್ಟಿದ್ದರು.

ಆ ಮಾತಿನಲ್ಲಿ ಎರಡು ತಪ್ಪಿವೆ. ಅವು ಯಾಕೆ ತಪ್ಪು ಎಂದು ತಿಳಿಯಬೇಕಾದರೆ ಈ ಚಿತ್ರ ಹೇಗೆ ಮೂಡುತ್ತದೆ ಎಂಬಲ್ಲಿಂದ ಶುರು ಮಾಡಬೇಕು.

ಥೈರಾಯ್ಡ್ ಗ್ರಂಥಿ ಕುತ್ತಿಗೆಯ ಮುಂಭಾಗದಲ್ಲಿ, ಗಾಳಿಕೊಳವೆಗೆ ಅಂಟಿಕೊಂಡು, ಚಿಟ್ಟೆಯ ಹಾಗೆ ಎರಡು ರೆಕ್ಕೆ ಬಿಚ್ಚಿ ಕೂತಿರುತ್ತದೆ. ಅದು ತಯಾರಿಸುವ ಹಾರ್ಮೋನಿಗೆ ಅಯೋಡಿನ್ ಬೇಕು. ರಕ್ತದಲ್ಲಿ ಅಯೋಡಿನ್ ತೀರಾ ಕಡಿಮೆ ಇರುತ್ತದೆ. ಹಾಗಾಗಿ ಥೈರಾಯ್ಡ್ ಕೋಶಗಳು ತಮ್ಮ ಗೋಡೆಯಲ್ಲಿ ಒಂದು ಪಂಪ್ ಇಟ್ಟುಕೊಂಡಿವೆ. ಸೋಡಿಯಂ ಜೊತೆಗೆ ಅಯೋಡಿನ್ನನ್ನು ಒಳಗೆ ಎಳೆದುಕೊಳ್ಳುವ ಪಂಪ್ ಅದು. ಒಳಗೆ ಬಂದ ಅಯೋಡಿನ್ನನ್ನು ಕೋಶ ಒಂದು ಪ್ರೋಟೀನಿಗೆ ಕಟ್ಟಿ ಹಾಕುತ್ತದೆ, ಆಮೇಲೆ ಅದರಿಂದ ಹಾರ್ಮೋನ್ ಮಾಡುತ್ತದೆ. ಎಳೆಯುವುದು ಒಂದು ಹೆಜ್ಜೆ, ಕಟ್ಟುವುದು ಇನ್ನೊಂದು ಹೆಜ್ಜೆ. ಈ ಎರಡನ್ನೂ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪಂಪ್ ಎಷ್ಟು ಜೋರಾಗಿ ಓಡಬೇಕು ಎಂದು ಹೇಳುವುದು ಟಿಎಸ್‌ಎಚ್. ಅದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುತ್ತದೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ಟಿಎಸ್‌ಎಚ್ ಏರುತ್ತದೆ, ಪಂಪ್ ಜೋರಾಗುತ್ತದೆ. ಹಾರ್ಮೋನ್ ಜಾಸ್ತಿಯಾದರೆ ಟಿಎಸ್‌ಎಚ್ ಇಳಿಯುತ್ತದೆ, ಪಂಪ್ ನಿಧಾನವಾಗುತ್ತದೆ. ಆರೋಗ್ಯವಾಗಿರುವ ಥೈರಾಯ್ಡ್ ಕೋಶ ಈ ಮಾತನ್ನು ಕೇಳುತ್ತದೆ.

ಸ್ಕ್ಯಾನ್ ನೋಡುವುದು ಈ ಪಂಪಿನ ಕೆಲಸವನ್ನು. ನಾವು ಕೊಡುವ ವಸ್ತು ಎರಡರಲ್ಲಿ ಒಂದು. ಒಂದು, ಅಯೋಡಿನ್-123. ಇದನ್ನು ಕ್ಯಾಪ್ಸೂಲ್ ರೂಪದಲ್ಲಿ ನುಂಗಲು ಕೊಡುತ್ತಾರೆ, 4ರಿಂದ 6 ಗಂಟೆಯ ನಂತರ ಮತ್ತು 24 ಗಂಟೆಯ ನಂತರ ನೋಡುತ್ತಾರೆ. ಇನ್ನೊಂದು, ಟೆಕ್ನೀಷಿಯಂ-99ಎಂ. ಇದನ್ನು ಕೈಯ ರಕ್ತನಾಳಕ್ಕೆ ಚುಚ್ಚುತ್ತಾರೆ, ಸುಮಾರು 20 ನಿಮಿಷಕ್ಕೆ ಚಿತ್ರ ತೆಗೆಯುತ್ತಾರೆ. ಟೆಕ್ನೀಷಿಯಂ ಅಯೋಡಿನ್ ಅಲ್ಲ. ಆದರೆ ಪಂಪಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ, ಅದನ್ನೂ ಒಳಗೆ ಎಳೆದುಕೊಳ್ಳುತ್ತದೆ. ಒಳಗೆ ಹೋದ ಮೇಲೆ ಅದನ್ನು ಕಟ್ಟಿ ಹಾಕಲು ಮಾತ್ರ ಕೋಶಕ್ಕೆ ಆಗುವುದಿಲ್ಲ. ಎರಡೂ ಗಾಮಾ ಕಿರಣ ಸೂಸುತ್ತವೆ. ಕುತ್ತಿಗೆಯ ಮುಂದೆ ಇಟ್ಟ ಗಾಮಾ ಕ್ಯಾಮೆರಾ ಆ ಕಿರಣಗಳನ್ನು ಎಣಿಸಿ ಚಿತ್ರ ಕಟ್ಟುತ್ತದೆ. ಕ್ಯಾಮೆರಾ ತಾನಾಗಿ ಕಿರಣ ಬಿಡುವುದಿಲ್ಲ, ನಿಮ್ಮೊಳಗಿಂದ ಬರುವುದನ್ನು ಸುಮ್ನೆ ನೋಡುತ್ತದೆ.

ಹಾಗಾದರೆ ಹಾಟ್ ಅಂದರೆ ಉಷ್ಣವಲ್ಲ. ಅಕ್ಕಪಕ್ಕದ ಥೈರಾಯ್ಡ್‌ಗಿಂತ ಹೆಚ್ಚು ಎಳೆದುಕೊಂಡ ಜಾಗ ಹಾಟ್. ಅಕ್ಕಪಕ್ಕದಷ್ಟೇ ಎಳೆದುಕೊಂಡದ್ದು ವಾರ್ಮ್. ಅದಕ್ಕಿಂತ ಕಡಿಮೆ ಎಳೆದುಕೊಂಡದ್ದು, ಅಥವಾ ಏನೂ ಎಳೆದುಕೊಳ್ಳದೆ ತೂತಿನ ಹಾಗೆ ಕಾಣುವುದು ಕೋಲ್ಡ್. ಮೂರು ವಿವರಣೆಯಲ್ಲೂ "ಅಕ್ಕಪಕ್ಕ" ಎಂಬ ಮಾತು ಅಡಗಿದೆ, ಅಲ್ವಾ? ನನ್ನ ಪ್ರಕಾರ ಇಡೀ ಸ್ಕ್ಯಾನ್ ಓದುವ ಕೀಲಿಕೈ ಅದೇ. ಇದು ಹೋಲಿಕೆಯ ಚಿತ್ರ. ಹೋಲಿಸಲು ಪಕ್ಕದಲ್ಲಿ ಏನೂ ಇಲ್ಲದಿದ್ದರೆ ಕೋಲ್ಡ್ ಎನ್ನುವ ಪದಕ್ಕೆ ಅರ್ಥವೇ ಇರುವುದಿಲ್ಲ.

ಈಗ ಆ ಮಹಿಳೆಯ ಬಲಗಡೆಯ ಗಂಟಿಗೆ ಬರೋಣ. ಅವರ ಟಿಎಸ್‌ಎಚ್ 0.02 ಇತ್ತು. ಅಂದರೆ ಪಿಟ್ಯುಟರಿ ಹೆಚ್ಚುಕಡಿಮೆ ಬಾಯಿ ಮುಚ್ಚಿಕೊಂಡಿತ್ತು. "ಸಾಕು, ನಿಲ್ಲಿಸಿ" ಎಂದು ಥೈರಾಯ್ಡ್‌ಗೆ ಹೇಳಿದ ಹಾಗೆ. ಆರೋಗ್ಯವಾಗಿದ್ದ ಕೋಶಗಳೆಲ್ಲ ಆ ಮಾತು ಕೇಳಿ ಪಂಪ್ ನಿಲ್ಲಿಸಿದ್ದವು. ಬಲಗಡೆಯ ಗಂಟು ಮಾತ್ರ ಕೇಳಲಿಲ್ಲ, ತನ್ನ ಪಾಡಿಗೆ ತಾನು ಓಡುತ್ತಿತ್ತು. ಇದನ್ನು ಸ್ವಾಯತ್ತ ಗಂಟು ಎನ್ನುತ್ತಾರೆ.

ಅದು ಯಾಕೆ ಮಾತು ಕೇಳುವುದಿಲ್ಲ? ಕೋಶದ ಹೊರಮೈಯಲ್ಲಿ ಟಿಎಸ್‌ಎಚ್ ಬಂದು ಕೂರುವ ಒಂದು ರಿಸೆಪ್ಟರ್ ಇದೆ. ಟಿಎಸ್‌ಎಚ್ ಕೂತಾಗ ಅದು ಒಳಗೆ ಸೂಚನೆ ಕಳಿಸುತ್ತದೆ. ಇಂಥ ಗಂಟುಗಳಲ್ಲಿ ಹಲವು ಬಾರಿ ಆ ರಿಸೆಪ್ಟರ್‌ನ ಜೀನಿನಲ್ಲೇ ಒಂದು ಬದಲಾವಣೆ ಆಗಿರುತ್ತದೆ. ಟಿಎಸ್‌ಎಚ್ ಇಲ್ಲದಿದ್ದರೂ ಅದು ಸದಾ ಆನ್ ಆಗಿಯೇ ಇರುತ್ತದೆ. 1993ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನ ಸಂಶೋಧಕರು ಇದನ್ನು ಮೊದಲು ತೋರಿಸಿದರು. ಈ ಬದಲಾವಣೆ ಆ ಗಂಟಿನ ಕೋಶಗಳಲ್ಲಿ ಮಾತ್ರ ಇರುತ್ತದೆ, ದೇಹದ ಉಳಿದ ಕೋಶಗಳಲ್ಲಿ ಇರುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ ಮಕ್ಕಳಿಗೆ ಹರಿದು ಹೋಗುವ ಮಾತಿಲ್ಲ.

ಗಂಟು ಚಿಕ್ಕದಿದ್ದಾಗ ಅದು ಮಾಡುವ ಹಾರ್ಮೋನೂ ಕಡಿಮೆ. ಉಳಿದ ಗ್ರಂಥಿ ತನ್ನ ಕೆಲಸ ಸ್ವಲ್ಪ ತಗ್ಗಿಸಿಕೊಂಡು ಲೆಕ್ಕ ಸರಿದೂಗಿಸುತ್ತದೆ. ಗಂಟು ಬೆಳೆದ ಹಾಗೆ ಟಿಎಸ್‌ಎಚ್ ನಿಧಾನವಾಗಿ ಇಳಿಯುತ್ತದೆ, ಉಳಿದ ಗ್ರಂಥಿ ಪೂರ್ತಿ ಮಲಗುತ್ತದೆ. ಗಂಟು ಸುಮಾರು 3 ಸೆಂಟಿಮೀಟರ್ ತಲುಪುವ ಹೊತ್ತಿಗೆ ಎದೆಬಡಿತ, ತೂಕ ಇಳಿಯುವಂಥ ಲಕ್ಷಣ ಕಾಣುವುದು ಜಾಸ್ತಿ. ಅವರದು 3.2 ಇತ್ತು, ಹೊಂದಿಕೆಯಾಗುತ್ತದೆ. ಇಂಥ ಗಂಟುಗಳು ಟಿ4ಗಿಂತ ಟಿ3ಯನ್ನು ಮೊದಲು ಏರಿಸುವುದೂ ಉಂಟು. ಟಿ4 ಮಾತ್ರ ನೋಡಿ "ಎಲ್ಲ ನಾರ್ಮಲ್" ಎಂದಿದ್ದರೆ ಅವರ ಕಾಯಿಲೆ ತಪ್ಪಿಹೋಗುತ್ತಿತ್ತು.

ಇನ್ನೊಂದು ಸಂಖ್ಯೆ ಅವರನ್ನು ಗೊಂದಲಕ್ಕೆ ದೂಡಿತ್ತು. ರಿಪೋರ್ಟಿನಲ್ಲಿ 24 ಗಂಟೆಯ ಅಪ್ಟೇಕ್ 24% ಎಂದಿತ್ತು. ಪಕ್ಕದಲ್ಲೇ ಸಾಮಾನ್ಯ ಮಿತಿ 10ರಿಂದ 30% ಎಂದೂ ಬರೆದಿತ್ತು. "ಅಪ್ಟೇಕ್ ನಾರ್ಮಲ್ ಇದೆ, ಆದ್ರೂ ಕಾಯಿಲೆ ಇದೆ ಅಂತೀರಲ್ಲ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಅಪ್ಟೇಕ್ ಅಂದರೆ ಕೊಟ್ಟ ಅಯೋಡಿನ್‌ನಲ್ಲಿ ಎಷ್ಟು ಪಾಲು ಕುತ್ತಿಗೆಗೆ ಸೇರಿತು ಎಂಬ ಒಟ್ಟು ಲೆಕ್ಕ. ಅದು ಯಾವ ಜಾಗದಲ್ಲಿ ಕೂತಿತು ಎಂದು ಆ ಸಂಖ್ಯೆ ಹೇಳುವುದಿಲ್ಲ, ಚಿತ್ರ ಹೇಳುತ್ತದೆ. ಇಡೀ ಗ್ರಂಥಿ ಹಂಚಿಕೊಳ್ಳಬೇಕಾದ 24% ಇವರಲ್ಲಿ ಒಂದೇ ಗಂಟಿನೊಳಗೆ ಕೂತಿತ್ತು. ಅದಲ್ಲದೆ ಟಿಎಸ್‌ಎಚ್ 0.02 ಇರುವಾಗ ಮಾತು ಕೇಳುವ ಗ್ರಂಥಿಯ ಅಪ್ಟೇಕ್ ತೀರಾ ಕಡಿಮೆ ಇರಬೇಕಿತ್ತು. ಆ ಸ್ಥಿತಿಯಲ್ಲಿ ನಾರ್ಮಲ್ ಅಪ್ಟೇಕ್ ಸಿಕ್ಕರೆ ಅದೇ ಅಸಹಜ.

ಹಾಟ್ ಗಂಟಿನ ದೊಡ್ಡ ಸಮಾಧಾನ ಏನೆಂದರೆ, ದೊಡ್ಡವರಲ್ಲಿ ಅದು ಕ್ಯಾನ್ಸರ್ ಆಗಿರುವುದು ತುಂಬಾ ಅಪರೂಪ. ಅದಕ್ಕೇ ಹಾಟ್ ಎಂದು ಖಚಿತವಾದ ಗಂಟಿಗೆ ಸಾಮಾನ್ಯವಾಗಿ ಸೂಜಿ ಪರೀಕ್ಷೆ, ಅಂದರೆ ಎಫ್‌ಎನ್‌ಎಸಿ, ಮಾಡುವುದಿಲ್ಲ. ಮಾಡಿದರೆ ಗೊಂದಲವೂ ಆಗಬಹುದು. ಬಿಡುವಿಲ್ಲದೆ ದುಡಿಯುತ್ತಿರುವ ಕೋಶಗಳು ಮೈಕ್ರೋಸ್ಕೋಪಿನಲ್ಲಿ ಅನುಮಾನ ಹುಟ್ಟಿಸುವ ಹಾಗೆ ಕಾಣುವುದುಂಟು. ಮಕ್ಕಳಲ್ಲಿ ಮಾತ್ರ ಇಷ್ಟು ನಿಶ್ಚಿಂತೆ ಇಲ್ಲ, ಅವರ ಹಾಟ್ ಗಂಟನ್ನು ಹೆಚ್ಚು ಎಚ್ಚರದಿಂದ ನೋಡುತ್ತಾರೆ.

ಒಂದು ಷರತ್ತು ಇದೆ. ಹಾಟ್ ಎನ್ನುವ ತೀರ್ಪು ಸರಿಯಾಗಿರಬೇಕು. ಎಳೆಯುವುದು ಒಂದು ಹೆಜ್ಜೆ, ಕಟ್ಟುವುದು ಇನ್ನೊಂದು ಎಂದೆನಲ್ಲ. ಕೆಲವು ಗಂಟುಗಳಿಗೆ ಎಳೆಯಲು ಬರುತ್ತದೆ, ಕಟ್ಟಲು ಬರುವುದಿಲ್ಲ. ಟೆಕ್ನೀಷಿಯಂ ಕೊಟ್ಟು 20 ನಿಮಿಷಕ್ಕೆ ನೋಡಿದರೆ ಅಂಥ ಗಂಟು ಹಾಟ್ ಅಥವಾ ವಾರ್ಮ್ ಆಗಿ ಕಾಣುತ್ತದೆ. ಅದೇ ಗಂಟಿಗೆ ಅಯೋಡಿನ್-123 ಕೊಟ್ಟು 24 ಗಂಟೆ ಕಾದರೆ, ಒಳಗೆ ಬಂದ ಅಯೋಡಿನ್ ಸೋರಿ ಹೋಗಿರುತ್ತದೆ, ಗಂಟು ಕೋಲ್ಡ್ ಆಗಿ ಕಾಣುತ್ತದೆ. ಇದನ್ನು ಡಿಸ್ಕಾರ್ಡೆಂಟ್ ಗಂಟು ಎನ್ನುತ್ತಾರೆ. ಇಂಥವು ಕಡಿಮೆ, ಅವುಗಳಲ್ಲೂ ಹೆಚ್ಚಿನವು ಕ್ಯಾನ್ಸರ್ ಅಲ್ಲದ ಸಾಧು ಗಂಟುಗಳೇ. ಆದರೂ ಅವನ್ನು ಹಾಟ್ ಗಂಟಿನ ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ, ಕೋಲ್ಡ್ ಎಂದೇ ಹಿಡಿದು ಮುಂದಿನ ಪರೀಕ್ಷೆ ಮಾಡಬೇಕು. ಗುರುತಿಸುವುದು ಹೇಗೆ? ಟೆಕ್ನೀಷಿಯಂನಲ್ಲಿ ಗಂಟು ಹಾಟ್, ಆದರೆ ಟಿಎಸ್‌ಎಚ್ ಸಾಮಾನ್ಯ, ಉಳಿದ ಗ್ರಂಥಿಯೂ ಚೆನ್ನಾಗಿ ಕಾಣುತ್ತಿದೆ ಎಂದಾಗ ಅನುಮಾನ ಬರಬೇಕು. ಆಗ ಅಯೋಡಿನ್‌ನಲ್ಲಿ ಇನ್ನೊಮ್ಮೆ ನೋಡುವುದು ಒಳ್ಳೆಯದು. ನಮ್ಮ ಮಹಿಳೆಗೆ ಮಾಡಿದ್ದು ಅಯೋಡಿನ್ ಸ್ಕ್ಯಾನೇ. ಟಿಎಸ್‌ಎಚ್ ನೆಲ ಕಚ್ಚಿತ್ತು, ಉಳಿದ ಗ್ರಂಥಿ ಮಲಗಿತ್ತು. ಮೂರೂ ಒಂದೇ ಮಾತು ಹೇಳುತ್ತಿದ್ದವು.

ಹಾಟ್ ಎಂದು ಮೋಸ ಮಾಡುವ ಇನ್ನೊಂದು ವಸ್ತು ಜೊಲ್ಲು. ಜೊಲ್ಲಿನ ಗ್ರಂಥಿಗಳಿಗೂ ಇದೇ ಪಂಪ್ ಇದೆ. ಅವು ಎಳೆದುಕೊಂಡ ಟೆಕ್ನೀಷಿಯಂ ಜೊಲ್ಲಿನಲ್ಲಿ ಬಂದು ಅನ್ನನಾಳದಲ್ಲಿ ನಿಂತರೆ, ಚಿತ್ರದಲ್ಲಿ ಗಂಟಿನ ಹಾಗೇ ಒಂದು ಹೊಳಪು ಕಾಣುತ್ತದೆ. ಒಂದು ಲೋಟ ನೀರು ಕುಡಿಸಿ ಮತ್ತೆ ಚಿತ್ರ ತೆಗೆದರೆ ಅದು ಮಾಯ.

ಈಗ ಕೋಲ್ಡ್. ಜನ ಹೆದರುವುದು ಇದಕ್ಕೇ.

ಒಂದು ಸ್ಥೂಲ ಲೆಕ್ಕ ಮಾಡೋಣ. 100 ಜನರ ಥೈರಾಯ್ಡ್ ಗಂಟುಗಳನ್ನು ಸ್ಕ್ಯಾನ್ ಮಾಡಿದೆವು ಎಂದುಕೊಳ್ಳಿ. ಹೆಚ್ಚುಕಡಿಮೆ 85 ಕೋಲ್ಡ್ ಆಗಿರುತ್ತವೆ. ಒಂದು 10 ವಾರ್ಮ್, ಒಂದು 5 ಹಾಟ್. ಕೋಲ್ಡ್ ಗಂಟುಗಳಲ್ಲಿ ಕ್ಯಾನ್ಸರ್ ಇರುವುದು ಸುಮಾರು 5ರಿಂದ 15%. ನಡುವಿನ 10% ಹಿಡಿದರೆ 85ರಲ್ಲಿ ಎಂಟೋ ಒಂಬತ್ತೋ. ಉಳಿದ 76 ಕೋಲ್ಡ್ ಗಂಟುಗಳು ಕ್ಯಾನ್ಸರ್ ಅಲ್ಲ. ಅವು ನೀರು ತುಂಬಿದ ಚೀಲ ಇರಬಹುದು, ಒಳಗೆ ರಕ್ತ ಸೋರಿದ ಗಂಟು ಇರಬಹುದು, ಕೊಲಾಯ್ಡ್ ಎಂಬ ಅಂಟು ದ್ರವ ತುಂಬಿದ ಗಂಟು ಇರಬಹುದು, ಉರಿಯೂತದಿಂದ ಸೊರಗಿದ ಭಾಗ ಇರಬಹುದು, ಪಂಪ್ ಕಳೆದುಕೊಂಡ ಸಾಧು ಗಡ್ಡೆ ಇರಬಹುದು. ಇವೆಲ್ಲದರಲ್ಲಿ ಸಮಾನವಾದದ್ದು ಒಂದೇ. ಆ ಜಾಗದಲ್ಲಿ ಅಯೋಡಿನ್ ಎಳೆಯುವ ಕೆಲಸ ನಡೆಯುತ್ತಿಲ್ಲ. ಯಾಕೆ ನಡೆಯುತ್ತಿಲ್ಲ ಎಂದು ಸ್ಕ್ಯಾನಿಗೆ ಗೊತ್ತಿಲ್ಲ.

ಇದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ. ಸ್ಕ್ಯಾನ್ ಮಾಡುವ ಮೊದಲೇ ಆ 100 ಗಂಟುಗಳಲ್ಲಿ ಕ್ಯಾನ್ಸರ್ ಸಾಧ್ಯತೆ ಸುಮಾರು 9% ಇತ್ತು. ಸ್ಕ್ಯಾನ್ ಮಾಡಿ ಕೋಲ್ಡ್ ಎಂದು ತಿಳಿದ ಮೇಲೆ ಅದು ಸುಮಾರು 10% ಆಯಿತು. ಏನು ಬದಲಾಯಿತು? ಹೆಚ್ಚೇನೂ ಇಲ್ಲ. ಹೆಚ್ಚಿನ ಗಂಟುಗಳು ಹೇಗೂ ಕೋಲ್ಡ್ ಆಗಿಯೇ ಇರುವುದರಿಂದ ಕೋಲ್ಡ್ ಎಂಬ ಸುದ್ದಿಯಲ್ಲಿ ಹೊಸದು ಕಡಿಮೆ. ಹಾಟ್ ಎಂಬ ಸುದ್ದಿ ಅಪರೂಪ, ಅದಕ್ಕೇ ಅದಕ್ಕೆ ಬೆಲೆ.

ಇದರಿಂದಲೇ ಒಂದು ನಿಯಮ ಬಂದಿದೆ. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್‌ನ 2015ರ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಗಂಟು ಕಂಡರೆ ಮೊದಲು ಟಿಎಸ್‌ಎಚ್ ನೋಡಿ, ಅಲ್ಟ್ರಾಸೌಂಡ್ ಮಾಡಿ. ಟಿಎಸ್‌ಎಚ್ ಕಡಿಮೆ ಇದ್ದರೆ ಸ್ಕ್ಯಾನ್ ಮಾಡಿ, ಯಾಕೆಂದರೆ ಹಾಟ್ ಗಂಟು ಸಿಗುವ ಸಾಧ್ಯತೆ ಇರುವುದು ಆಗ. ಟಿಎಸ್‌ಎಚ್ ಸಾಮಾನ್ಯ ಅಥವಾ ಜಾಸ್ತಿ ಇದ್ದರೆ ಮೊದಲ ಹಂತದಲ್ಲಿ ಸ್ಕ್ಯಾನ್ ಬೇಡ. ಅಲ್ಟ್ರಾಸೌಂಡ್‌ನಲ್ಲಿ ಗಂಟಿನ ರೂಪ ನೋಡಿ ಸೂಜಿ ಪರೀಕ್ಷೆ ಬೇಕೋ ಬೇಡವೋ ತೀರ್ಮಾನಿಸಿ. ಟಿಎಸ್‌ಎಚ್ ಸಾಮಾನ್ಯ ಇರುವವರಿಗೆ ಸ್ಕ್ಯಾನ್ ಮಾಡಿಸಿ, ಕೋಲ್ಡ್ ಎಂಬ ಪದ ಬರೆದು ಕೊಟ್ಟು, ವಾರಗಟ್ಟಲೆ ನಿದ್ದೆ ಕೆಡಿಸುವುದನ್ನು ನೋಡಿದಾಗ ನನಗೆ ನಿಜವಾಗಿ ಬೇಸರವಾಗುತ್ತದೆ.

ಸಭೆಯಲ್ಲಿ ಒಬ್ಬರು ಇಲ್ಲಿ ಕೈ ಎತ್ತಿದರು. "ಸರ್, ಥೈರಾಯ್ಡ್ ಕ್ಯಾನ್ಸರ್‌ಗೆ ರೇಡಿಯೋ ಅಯೋಡಿನ್ ಕೊಡ್ತಾರೆ. ಕ್ಯಾನ್ಸರ್ ಅಯೋಡಿನ್ ತಗೊಳ್ಳೋದೇ ಇಲ್ಲ ಅಂದ್ರೆ ಅದು ಹೇಗೆ ಕೆಲಸ ಮಾಡುತ್ತೆ?" ಇದನ್ನು ಕೇಳಿದ್ದು ನನಗೆ ತುಂಬಾ ಖುಷಿಯಾಯಿತು. ಉತ್ತರ ಮತ್ತೆ ಆ "ಅಕ್ಕಪಕ್ಕ" ಎಂಬ ಮಾತಿನಲ್ಲೇ ಇದೆ. ಸಾಮಾನ್ಯ ಬಗೆಯ ಥೈರಾಯ್ಡ್ ಕ್ಯಾನ್ಸರ್ ಕೋಶಗಳಲ್ಲಿ ಹಲವು ಬಾರಿ ಪಂಪ್ ಪೂರ್ತಿ ಇಲ್ಲದೇ ಇರುವುದಿಲ್ಲ, ಕಡಿಮೆ ಇರುತ್ತದೆ. ಪಕ್ಕದಲ್ಲಿ ಆರೋಗ್ಯವಂತ ಥೈರಾಯ್ಡ್ ಜೋರಾಗಿ ಎಳೆಯುತ್ತಿರುವಾಗ ಕ್ಯಾನ್ಸರ್ ಭಾಗ ಮಂಕಾಗಿ, ಕೋಲ್ಡ್ ಆಗಿ ಕಾಣುತ್ತದೆ. ಆಪರೇಷನ್ ಮಾಡಿ ಗ್ರಂಥಿಯನ್ನು ತೆಗೆದ ಮೇಲೆ ಪೈಪೋಟಿಗೆ ಯಾರೂ ಇಲ್ಲ. ಟಿಎಸ್‌ಎಚ್ ಅನ್ನು ಬೇಕೆಂದೇ ಏರಿಸುತ್ತಾರೆ. ಆಗ ಉಳಿದ ಕ್ಯಾನ್ಸರ್ ಕೋಶಗಳು ತಮ್ಮ ಮಂದ ಪಂಪಿನಿಂದಲೇ ಅಯೋಡಿನ್ ಎಳೆದುಕೊಳ್ಳುತ್ತವೆ. ಎಲ್ಲ ಬಗೆಯ ಥೈರಾಯ್ಡ್ ಕ್ಯಾನ್ಸರ್‌ಗೂ ಈ ಮಾತು ಅನ್ವಯಿಸುವುದಿಲ್ಲ. ಮೆಡ್ಯುಲರಿ ಎಂಬ ಬಗೆ ಹುಟ್ಟುವುದೇ ಬೇರೆ ಕೋಶಗಳಿಂದ, ಅದಕ್ಕೆ ಈ ಪಂಪ್ ಇಲ್ಲ.

ಇನ್ನು ವಾರ್ಮ್. ಮೂರರಲ್ಲಿ ಇದು ಮೆತ್ತನೆಯ ಪದ. ಬಿಸಿಯೂ ಅಲ್ಲ, ತಣ್ಣಗೂ ಅಲ್ಲ, ಹಾಗಾದರೆ ತೊಂದರೆ ಇಲ್ಲ ಎಂದು ಅನ್ನಿಸುತ್ತದೆ. ನನಗೆ ಅತಿ ಹೆಚ್ಚು ಎಚ್ಚರ ಬೇಕೆನಿಸುವುದು ಇದರಲ್ಲೇ.

ವಾರ್ಮ್ ಎಂದು ಕಂಡರೆ ಮೂರು ಸಾಧ್ಯತೆ ಇದೆ. ಗಂಟು ನಿಜವಾಗಿಯೂ ಪಕ್ಕದ ಥೈರಾಯ್ಡ್‌ನಷ್ಟೇ ಕೆಲಸ ಮಾಡುತ್ತಿರಬಹುದು. ಅಥವಾ ಅದು ಸ್ವಾಯತ್ತವಾಗುವ ದಾರಿಯಲ್ಲಿದ್ದು, ಉಳಿದ ಗ್ರಂಥಿಯನ್ನು ಇನ್ನೂ ಮಲಗಿಸದೆ ಇರಬಹುದು. ಮೂರನೆಯದು, ಅದು ಅಸಲಿಗೆ ಕೋಲ್ಡ್ ಗಂಟೇ ಆಗಿರಬಹುದು. ಅದು ಹೇಗೆ? ಈ ಚಿತ್ರ ಮುಂದಿನಿಂದ ತೆಗೆದ ಚಪ್ಪಟೆ ಚಿತ್ರ. ಒಂದು ಸಣ್ಣ ಕೋಲ್ಡ್ ಗಂಟು ಗ್ರಂಥಿಯ ಹಿಂಭಾಗದಲ್ಲಿದೆ ಎಂದುಕೊಳ್ಳಿ. ಅದರ ಮುಂದೆ ಆರೋಗ್ಯವಂತ ಥೈರಾಯ್ಡ್ ದಪ್ಪಗೆ ಹರಡಿದೆ. ಆ ಮುಂದಿನ ಪದರದಿಂದ ಬರುವ ಕಿರಣ ಹಿಂದಿನ ತೂತನ್ನು ಮುಚ್ಚಿಬಿಡುತ್ತದೆ. ದೀಪದ ಹಿಂದೆ ಇಟ್ಟ ಕಪ್ಪು ಚೆಂಡು ಕಾಣದ ಹಾಗೆ. 1 ಸೆಂಟಿಮೀಟರ್‌ಗಿಂತ ಚಿಕ್ಕ ಗಂಟುಗಳಲ್ಲಿ ಇದು ಸಾಮಾನ್ಯ, ಯಾಕೆಂದರೆ ಕ್ಯಾಮೆರಾದ ಕಣ್ಣಿನ ಚೂಪು ಅಲ್ಲಿಗೆ ಮುಗಿಯುತ್ತದೆ.

ಇದನ್ನು ತಪ್ಪಿಸಲು ಕೆಲವು ಉಪಾಯಗಳಿವೆ. ಕ್ಯಾಮೆರಾ ಮುಂದೆ ಪಿನ್‌ಹೋಲ್ ಕಾಲಿಮೇಟರ್ ಹಾಕುತ್ತಾರೆ. ಸಣ್ಣ ತೂತಿರುವ ಸೀಸದ ಶಂಕು ಅದು, ಚಿತ್ರವನ್ನು ದೊಡ್ಡದು ಮಾಡಿ ತೋರಿಸುತ್ತದೆ. ನೇರ ಚಿತ್ರದ ಜೊತೆಗೆ ಎಡ ಓರೆ, ಬಲ ಓರೆ ಚಿತ್ರಗಳನ್ನೂ ತೆಗೆಯುತ್ತಾರೆ. ಮುಂದೆ ಮುಚ್ಚಿಹೋದ ತೂತು ಓರೆಯಲ್ಲಿ ಬಯಲಾಗಬಹುದು. ಕೈಗೆ ಸಿಗುವ ಗಂಟಾದರೆ ನಾನು ಕುತ್ತಿಗೆ ಮುಟ್ಟಿ ನೋಡಿ, ಗಂಟಿನ ಮೇಲೆ ಒಂದು ಸಣ್ಣ ಗುರುತು ಇಟ್ಟು ಇನ್ನೊಂದು ಚಿತ್ರ ತೆಗೆಸುತ್ತೇನೆ. ಬೆರಳಿಗೆ ಸಿಕ್ಕ ಗಂಟೂ ಚಿತ್ರದಲ್ಲಿ ಕಂಡ ಜಾಗವೂ ಒಂದೇನಾ ಎಂದು ಆಗ ಗೊತ್ತಾಗುತ್ತದೆ. ಮುಟ್ಟಿ ನೋಡದೆ ಥೈರಾಯ್ಡ್ ಸ್ಕ್ಯಾನ್ ಓದುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಎರಡನೆಯ ಸಾಧ್ಯತೆಯನ್ನು ಬೇರ್ಪಡಿಸಲು ಹಿಂದೆ ಒಂದು ಸೊಗಸಾದ ಪರೀಕ್ಷೆ ಮಾಡುತ್ತಿದ್ದರು. ಕೆಲವು ದಿನ ಟಿ3 ಮಾತ್ರೆ ಕೊಟ್ಟು ಟಿಎಸ್‌ಎಚ್ ಅನ್ನು ಬೇಕೆಂದೇ ತಗ್ಗಿಸುವುದು, ಆಮೇಲೆ ಮತ್ತೆ ಸ್ಕ್ಯಾನ್ ಮಾಡುವುದು. ಮಾತು ಕೇಳುವ ಭಾಗವೆಲ್ಲ ಮಂಕಾಗುತ್ತದೆ. ಗಂಟು ಹಾಗೇ ಹೊಳೆಯುತ್ತಿದ್ದರೆ ಅದು ಸ್ವಾಯತ್ತ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ಟಿ3 ಕೊಡುವುದು ಅಪಾಯ. ಟಿಎಸ್‌ಎಚ್ ಪರೀಕ್ಷೆ ಈಗ ತುಂಬಾ ಸೂಕ್ಷ್ಮವಾಗಿರುವುದರಿಂದ ಇದನ್ನು ಈಗ ಮಾಡುವುದು ಕಡಿಮೆ. ದಿನದ ಕೆಲಸದಲ್ಲಿ ನಾನು ಪಾಲಿಸುವುದು ಇಷ್ಟೇ. ಕ್ಯಾನ್ಸರ್ ಪ್ರಶ್ನೆ ಬಂದಾಗ ವಾರ್ಮ್ ಎಂದರೆ "ಹಾಟ್ ಅಲ್ಲ" ಎಂದು ಓದುತ್ತೇನೆ. ಅಂದರೆ ಕೋಲ್ಡ್ ಗಂಟಿಗೆ ಏನು ಮಾಡುತ್ತೇವೋ ಅದನ್ನೇ ಇದಕ್ಕೂ ಮಾಡಬೇಕು. ಅಲ್ಟ್ರಾಸೌಂಡ್ ಹೇಳಿದರೆ ಸೂಜಿ ಪರೀಕ್ಷೆ.

ಸ್ಕ್ಯಾನ್‌ಗೆ ಮುಂಚೆ ಏನು ತಿಂದಿದ್ದೀರಿ, ಯಾವ ಮಾತ್ರೆ ತಗೊಂಡಿದ್ದೀರಿ ಎಂದು ಕೇಳುವುದಕ್ಕೆ ಕಾರಣ ಇದೆ. ಸಿಟಿ ಸ್ಕ್ಯಾನ್‌ಗೆ ಚುಚ್ಚುವ ಕಾಂಟ್ರಾಸ್ಟ್ ಔಷಧಿಯಲ್ಲಿ ಅಯೋಡಿನ್ ರಾಶಿ ಇರುತ್ತದೆ. ಅದಾದ ಮೇಲೆ ಒಂದೆರಡು ತಿಂಗಳು ಥೈರಾಯ್ಡ್ ನಮ್ಮ ಚಿಟಿಕೆ ಅಯೋಡಿನ್ ಕಡೆ ತಿರುಗಿಯೂ ನೋಡದೇ ಇರಬಹುದು. ಹೃದಯದ ಬಡಿತ ಸರಿಪಡಿಸುವ ಅಮಿಯೋಡರೋನ್ ಮಾತ್ರೆಯ ಪ್ರಭಾವ ತಿಂಗಳುಗಟ್ಟಲೆ ಇರುತ್ತದೆ. ಥೈರಾಕ್ಸಿನ್ ಮಾತ್ರೆಯೂ ಅಪ್ಟೇಕ್ ತಗ್ಗಿಸುತ್ತದೆ. ಆಗ ಇಡೀ ಕುತ್ತಿಗೆ ಮಂಕಾಗುತ್ತದೆ, ಗಂಟಿನ ಬಗ್ಗೆ ಏನೂ ಹೇಳಲಾಗುವುದಿಲ್ಲ. ಥೈರಾಯ್ಡಿಟಿಸ್ ಎಂಬ ಉರಿಯೂತದಲ್ಲೂ ಹಾಗೇ. ರಕ್ತದಲ್ಲಿ ಹಾರ್ಮೋನ್ ಜಾಸ್ತಿ, ಆದರೆ ಅದು ಹಳೆಯ ದಾಸ್ತಾನು ಸೋರಿ ಬಂದದ್ದು, ಹೊಸದಾಗಿ ತಯಾರಾಗುತ್ತಿಲ್ಲ. ಗರ್ಭಿಣಿಯರಿಗೆ ಈ ಸ್ಕ್ಯಾನ್ ಮಾಡುವುದಿಲ್ಲ. ಎದೆಹಾಲು ಕೊಡುವವರು ಮೊದಲೇ ಹೇಳಬೇಕು.

ಈಗ ಆ ಮಹಿಳೆಯ ಎಡಗಡೆಗೆ ಬರೋಣ. ಅಲ್ಲಿ 1.4 ಸೆಂಟಿಮೀಟರ್ ಗಂಟಿದೆ ಎಂದು ಅಲ್ಟ್ರಾಸೌಂಡ್ ಹೇಳಿತ್ತು. ಸ್ಕ್ಯಾನ್‌ನಲ್ಲಿ ಅದು ಕಾಣಲಿಲ್ಲ, ಅದನ್ನು ಕೋಲ್ಡ್ ಎಂದುಕೊಂಡರು. ಆದರೆ ಕಾಣದೇ ಹೋದದ್ದು ಗಂಟು ಮಾತ್ರವಲ್ಲ. ಇಡೀ ಎಡ ರೆಕ್ಕೆಯೇ ಕಾಣುತ್ತಿರಲಿಲ್ಲ, ಟಿಎಸ್‌ಎಚ್ ಇಲ್ಲದೆ ಅದು ಮಲಗಿತ್ತು. ಕತ್ತಲ ಕೋಣೆಯಲ್ಲಿ ಕಪ್ಪು ಬಟ್ಟೆ ಯಾವುದು ಎಂದು ಹೇಗೆ ಹೇಳುವುದು? ಹೋಲಿಸಲು ಬೆಳಕಿನ ಜಾಗವೇ ಇಲ್ಲ. ಕಂಪ್ಯೂಟರ್‌ನಲ್ಲಿ ಚಿತ್ರದ ಹೊಳಪನ್ನು ಜಾಸ್ತಿ ಮಾಡಿ ನೋಡಿದೆ. ಸ್ಕ್ರೀನು ಅತಿ ಹೊಳೆಯುವ ಜಾಗಕ್ಕೆ ತಕ್ಕ ಹಾಗೆ ಉಳಿದ ಬಣ್ಣ ಹೊಂದಿಸುವುದರಿಂದ, ಹೀಗೆ ಮಾಡಿದಾಗ ಮಲಗಿದ ಭಾಗದ ಮಸುಕು ಗೆರೆ ಕಾಣಬಹುದು. ಎಡ ರೆಕ್ಕೆಯ ಅಂಚು ಸ್ವಲ್ಪ ಕಂಡಿತು. ಅಂದರೆ ರೆಕ್ಕೆ ಇದೆ, ಸತ್ತಿಲ್ಲ. ಅದರೊಳಗಿನ ಗಂಟಿನ ಬಗ್ಗೆ ಸ್ಕ್ಯಾನ್ ಹೇಳಿದ್ದು ಒಂದೇ, ಅದು ಹಾಟ್ ಅಲ್ಲ ಎಂದು. ಅದನ್ನು ಹಾಗೇ ಬರೆದೆ. ಕೋಲ್ಡ್ ಎಂಬ ಪದ ಬಳಸಲಿಲ್ಲ.

ಹಾಟ್ ಅಲ್ಲದ ಗಂಟನ್ನು ಅದರ ರೂಪ ನೋಡಿಯೇ ತೂಗಬೇಕು. ಅಲ್ಟ್ರಾಸೌಂಡ್‌ನಲ್ಲಿ ಅದು ಗಟ್ಟಿಯಾಗಿತ್ತು, ಸುತ್ತಲಿನ ಥೈರಾಯ್ಡ್‌ಗಿಂತ ಕಪ್ಪಾಗಿ ಕಾಣುತ್ತಿತ್ತು. ಇಂಥ ಗಂಟು 1 ಸೆಂಟಿಮೀಟರ್ ದಾಟಿದರೆ ಸೂಜಿ ಪರೀಕ್ಷೆ ಮಾಡಬೇಕು. ಬಲಗಡೆಯ ಚಿಕಿತ್ಸೆ ಶುರು ಮಾಡುವ ಮೊದಲೇ ಮಾಡಬೇಕು ಎಂದು ನಾವು ಪಟ್ಟು ಹಿಡಿದೆವು. ಯಾಕೆಂದರೆ ಎಡಗಡೆ ಕ್ಯಾನ್ಸರ್ ಇದ್ದರೆ ದಾರಿಯೇ ಬೇರೆ. ಆಗ ಒಂದೇ ಆಪರೇಷನ್‌ನಲ್ಲಿ ಎರಡೂ ಬದಿ ನೋಡಿಕೊಳ್ಳುವುದು ಒಳ್ಳೆಯದು. ಸೂಜಿ ಪರೀಕ್ಷೆ ಎಡಗಡೆಗೆ ಮಾತ್ರ ಆಯಿತು, ಬಲಗಡೆಗೆ ಬೇಕಿರಲಿಲ್ಲ. ಫಲಿತಾಂಶ ಸಾಧು ಗಂಟು ಎಂದು ಬಂತು.

ಹಾಟ್ ಗಂಟಿಗೆ ಎರಡು ದಾರಿ ಇತ್ತು, ಆಪರೇಷನ್ ಅಥವಾ ಅಯೋಡಿನ್-131. ಅವರು ಅಯೋಡಿನ್ ಆರಿಸಿಕೊಂಡರು. ಅಯೋಡಿನ್-131 ಕೋಶದೊಳಗೆ ಕೂತು ಬೀಟಾ ಕಣಗಳನ್ನು ಬಿಡುತ್ತದೆ. ಅವು ಹೆಚ್ಚೆಂದರೆ 2 ಮಿಲಿಮೀಟರ್‌ನಷ್ಟು ದೂರ ಹೋಗಿ ಅಲ್ಲಿರುವ ಕೋಶಗಳನ್ನು ಸುಡುತ್ತವೆ. ಮಲಗಿರುವ ಎಡ ರೆಕ್ಕೆ ಅದನ್ನು ಎಳೆದುಕೊಳ್ಳುವುದಿಲ್ಲ, ಹಾಗಾಗಿ ಬಹುಪಾಲು ಉಳಿದುಕೊಳ್ಳುತ್ತದೆ. ಟಿಎಸ್‌ಎಚ್ ಕಡಿಮೆ ಇರುವುದು ಈಗ ಕಾವಲುಗಾರನ ಕೆಲಸ ಮಾಡುತ್ತದೆ. ಅದಕ್ಕೇ ಅವರಿಗೆ ಎದೆಬಡಿತಕ್ಕೆ ಪ್ರೊಪ್ರನೊಲಾಲ್ ಮಾತ್ರ ಕೊಟ್ಟಿದ್ದೆವು. ಹಾರ್ಮೋನ್ ತಗ್ಗಿಸುವ ಮಾತ್ರೆ ಕೊಟ್ಟು ಟಿಎಸ್‌ಎಚ್ ಏರಲು ಬಿಟ್ಟಿದ್ದರೆ, ಎಡ ರೆಕ್ಕೆ ಎಚ್ಚೆತ್ತು ತನ್ನ ಪಾಲಿನ ವಿಷವನ್ನು ತಾನೇ ಎಳೆದುಕೊಳ್ಳುತ್ತಿತ್ತು. ಇಷ್ಟಾದರೂ ಮುಂದೆ ಕೆಲವರಿಗೆ ಥೈರಾಯ್ಡ್ ಕಡಿಮೆಯಾಗುತ್ತದೆ. ವರ್ಷ ವರ್ಷ ಟಿಎಸ್‌ಎಚ್ ನೋಡುತ್ತಿರಬೇಕು ಎಂದು ಅವರಿಗೆ ಮೊದಲೇ ಹೇಳಿದ್ದೆವು.

ಆರು ತಿಂಗಳ ನಂತರ ಅವರ ಟಿಎಸ್‌ಎಚ್ 1.8ಕ್ಕೆ ಬಂದಿತ್ತು. ತೂಕ ಮರಳಿತ್ತು, ಕೈ ನಡುಗುತ್ತಿರಲಿಲ್ಲ. ಬಲಗಡೆಯ ಗಂಟು ಕುಗ್ಗಿತ್ತು, ಪೂರ್ತಿ ಹೋಗಿರಲಿಲ್ಲ. ಚಿಕಿತ್ಸೆಯ ಫಲ ನೋಡಲು ಮತ್ತೆ ಸ್ಕ್ಯಾನ್ ಮಾಡಿದ್ದರು. ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ಅವರಿಗೆ ತೋರಿಸಿದೆ. ಮೊದಲನೆಯದರಲ್ಲಿ ಕತ್ತಲಾಗಿದ್ದ ಎಡ ರೆಕ್ಕೆ ಎರಡನೆಯದರಲ್ಲಿ ಪೂರ್ತಿ ಬೆಳಗಿತ್ತು. ಅದರ ಕೆಳಭಾಗದಲ್ಲಿ, ಅಲ್ಟ್ರಾಸೌಂಡ್ ಹೇಳಿದ ಜಾಗದಲ್ಲೇ, ದುಂಡಗೆ ಒಂದು ತೂತು.

"ಹಾಗಾದ್ರೆ ಇದು ಕೋಲ್ಡ್ ಅಲ್ವಾ ಡಾಕ್ಟ್ರೇ?" ಎಂದರು.

"ಹೌದಮ್ಮ," ಎಂದೆ. "ಈಗ ಹೇಳಬಹುದು. ಅದರ ಸೂಜಿ ರಿಪೋರ್ಟ್ ಆರು ತಿಂಗಳ ಹಿಂದೆಯೇ ನಿಮ್ಮ ಫೈಲಿನಲ್ಲಿದೆ. ಮುಂದಿನ ವರ್ಷ ಒಂದು ಅಲ್ಟ್ರಾಸೌಂಡ್ ಮಾಡಿಸಿ, ಗಾತ್ರ ನೋಡೋಣ."